ದಾಸ್ತಾನು ಕೋಣೆಯ ನೆಲಕ್ಕೆ ವೆಲ್ಡೆಡ್ ಮೆಶ್: ಲ್ಯಾಪ್ ಅಳೆಯುವುದು ಎಲ್ಲಿಂದ, ಬ್ಲಾಕಿನ ಎತ್ತರ ಎಷ್ಟು

«ಬ್ರಹ್ಮಾವರದ ಹತ್ತಿರ ಅಡಿಕೆ ದಾಸ್ತಾನಿಗೆ ಕೋಣೆ ಕಟ್ಟಿಸುತ್ತಿದ್ದೇನೆ. ಒಳ ಅಳತೆ 9 ಮೀಟರ್ × 6 ಮೀಟರ್. ನೆಲಕ್ಕೆ 100 ಮಿ.ಮೀ. ಕಾಂಕ್ರೀಟ್. ಮೆಶ್ ಶೀಟು 6 ಮೀ × 2.4 ಮೀ, ಕಣ್ಣು 150 ಮಿ.ಮೀ., ತಂತಿ 5 ಮಿ.ಮೀ. ನಾಲ್ಕು ಶೀಟು ಸಾಕೇ? ಒಂದರ ಮೇಲೊಂದು ಎಷ್ಟು ಬರಬೇಕು? ಮೇಸ್ತ್ರಿ 25 ಮಿ.ಮೀ. ಕವರ್ ಬ್ಲಾಕ್ ಸಾಕು ಎನ್ನುತ್ತಾರೆ. ತಿಳಿದವರು ಹೇಳಿ.»

ನಮಸ್ಕಾರ. ನಾಲ್ಕು ಶೀಟು ಸಾಲುವುದಿಲ್ಲ, ಐದು ತರಿಸಿ. ಮೆಶ್ ಎತ್ತರದಲ್ಲಿ ನಿಲ್ಲಲು ಕೆಳಗೆ ಇಡುವ ಕವರ್ ಬ್ಲಾಕ್ 25 ಅಲ್ಲ, 50 ಮಿ.ಮೀ. ಎತ್ತರದ್ದು ಇರಲಿ. ಎರಡಕ್ಕೂ ಕಾರಣವನ್ನು ಸ್ವಲ್ಪ ವಿವರವಾಗಿ ಬರೆಯುತ್ತೇನೆ, ಏಕೆಂದರೆ ಕೆಲಸದ ದಿನ ಮೇಸ್ತ್ರಿಯ ಜೊತೆ ಮಾತನಾಡಬೇಕಾದವರು ನೀವೇ.

ಮೊದಲು ಲ್ಯಾಪ್, ಅಂದರೆ ಒಂದು ಶೀಟು ಇನ್ನೊಂದರ ಮೇಲೆ ಬರುವ ಭಾಗ. ಮೇಲೆ ಉತ್ತರಿಸಿದ ಕಾರ್ಕಳದ ಹಿರಿಯರು «ಒಂದು ಕಣ್ಣು ಮತ್ತು ನಾಲ್ಕು ಇಂಚು» ಎಂದಿದ್ದಾರೆ. ಆ ಲೆಕ್ಕ ಸರಿಯಾದದ್ದೇ. ಕಾಂಕ್ರೀಟ್ ಕೆಲಸದ ಭಾರತೀಯ ಮಾನದಂಡವಾದ ಐಎಸ್ 456ರಲ್ಲಿಯೂ ಅಡ್ಡತಂತಿಗಳ ನಡುವಿನ ಅಂತರಕ್ಕೆ 100 ಮಿ.ಮೀ. ಸೇರಿಸಿ ಎಂದೇ ಇದೆ. ಆದರೆ ಅವರು ಅದನ್ನು ಶೀಟಿನ ತುದಿಯಿಂದ ತುದಿಗೆ ಅಳೆದಿದ್ದಾರೆ. ಅಳೆಯಬೇಕಾದದ್ದು ಒಂದು ಶೀಟಿನ ಕೊನೆಯ ಬೆಸೆದ ತಂತಿಯಿಂದ ಇನ್ನೊಂದರ ಕೊನೆಯ ಬೆಸೆದ ತಂತಿಯವರೆಗೆ. ನುಣುಪಾದ ತಂತಿಯನ್ನು ಕಾಂಕ್ರೀಟಿನಲ್ಲಿ ಜಾರದಂತೆ ಹಿಡಿದಿಡುವುದು ಮುಖ್ಯವಾಗಿ ಅದಕ್ಕೆ ಅಡ್ಡಲಾಗಿ ಬೆಸೆದಿರುವ ತಂತಿ. ಬೆಸುಗೆಯಿಂದ ಹೊರಗೆ ಚಾಚಿಕೊಂಡ ಬರಿಯ ತುದಿಯನ್ನು ಲ್ಯಾಪ್ ಎಂದು ಎಣಿಸಿದರೆ ಹಿಡಿತ ಕಾಗದದ ಮೇಲೆ ಮಾತ್ರ ಇರುತ್ತದೆ.

ನಿಮ್ಮ ಅಳತೆಯ ಶೀಟಿನಲ್ಲಿ ಸಾಮಾನ್ಯವಾಗಿ ಅಂಚಿನ ತಂತಿಯ ಆಚೆ ಅರ್ಧ ಕಣ್ಣು, ಅಂದರೆ 75 ಮಿ.ಮೀ., ಎರಡೂ ಬದಿಗೆ ಚಾಚಿರುತ್ತದೆ. ಅಂಗಡಿಯಲ್ಲೇ ಟೇಪು ಹಿಡಿದು ಒಮ್ಮೆ ನೋಡಿಕೊಳ್ಳಿ. ಹಾಗಿದ್ದರೆ ಬೆಸೆದ ತಂತಿಗಳ ನಡುವೆ 250 ಮಿ.ಮೀ. ಸಿಗಬೇಕಾದರೆ ತುದಿಯಿಂದ ತುದಿಗೆ 400 ಮಿ.ಮೀ. ಒಂದರ ಮೇಲೊಂದು ಬರಬೇಕಾಗುತ್ತದೆ. ಅಲ್ಲಿಗೆ ಮೊದಲನೆಯ ಶೀಟು 2.4 ಮೀಟರ್ ಮುಚ್ಚುತ್ತದೆ, ಆಮೇಲಿನ ಪ್ರತಿಯೊಂದೂ ಮುಂದಕ್ಕೆ 2 ಮೀಟರ್ ಮಾತ್ರ ಹೋಗುತ್ತದೆ. ನಾಲ್ಕು ಶೀಟಿಗೆ 8.4 ಮೀಟರ್ ಆಯಿತು. ಎರಡೂ ಗೋಡೆಯ ಬದಿಯಲ್ಲಿ 50 ಮಿ.ಮೀ. ಬಿಟ್ಟರೂ ನಿಮಗೆ ಬೇಕಾದದ್ದು 8.9 ಮೀಟರ್, ಅಂದರೆ ಅರ್ಧ ಮೀಟರ್ ಕಡಿಮೆ. ಚದರ ಮೀಟರ್ ಲೆಕ್ಕದಲ್ಲಿ ನಾಲ್ಕೇ ಸಾಕೆಂದು ಕಾಣುವುದರಿಂದ ನಾಲ್ಕನ್ನೇ ತರಿಸುತ್ತಾರೆ. ಕೊನೆಗೆ ಶೀಟು ಗೋಡೆಯವರೆಗೆ ಮುಟ್ಟದಿದ್ದಾಗ ಎಲ್ಲ ಲ್ಯಾಪುಗಳನ್ನೂ ಎಳೆದು ಸಣ್ಣದು ಮಾಡುತ್ತಾರೆ. ಐದನೆಯ ಶೀಟಿನಿಂದ ಆರು ಉದ್ದತಂತಿಗಳಿರುವ 900 ಮಿ.ಮೀ. ಅಗಲದ ಪಟ್ಟಿಯನ್ನು ಕತ್ತರಿಸಿಕೊಂಡರೆ ಕೊನೆಯ ಜಾಗ ಸರಿಯಾಗಿ ತುಂಬುತ್ತದೆ. ಉಳಿದ ಒಂದೂವರೆ ಮೀಟರ್ ಬಾಗಿಲಿನ ಎದುರಿನ ಇಳಿಜಾರಿಗೆ ಬೇಕಾಗುತ್ತದೆ.

ಶೀಟಿನ 6 ಮೀಟರ್ ಉದ್ದ ಕೋಣೆಯ 6 ಮೀಟರ್ ಅಗಲಕ್ಕೆ ಬರುವಂತೆ ಹಾಸಿ, ಎರಡೂ ತುದಿಯಲ್ಲಿ 50 ಮಿ.ಮೀ. ಕತ್ತರಿಸಿ. ಹೀಗೆ ಒಂದೇ ಸಾಲಾದರೆ ನಾಲ್ಕು ಶೀಟುಗಳ ಮೂಲೆ ಒಂದೇ ಕಡೆ ರಾಶಿಯಾಗುವ ತೊಂದರೆಯೇ ಇಲ್ಲ. ಆದರೂ ಲ್ಯಾಪಿನಲ್ಲಿ ಸುಮ್ಮನೆ ಒಂದರ ಮೇಲೊಂದು ಇಟ್ಟರೆ ನಾಲ್ಕು ತಂತಿ ಸೇರಿ 20 ಮಿ.ಮೀ. ದಪ್ಪವಾಗುತ್ತದೆ. ಒಂದು ಬಿಟ್ಟು ಒಂದು ಶೀಟನ್ನು ಮಗುಚಿ ಹಾಕಿದರೆ 2.4 ಮೀಟರಿನ ತಂತಿಗಳು ಒಂದೇ ಮಟ್ಟದಲ್ಲಿ ಪಕ್ಕಪಕ್ಕ ಕೂರುತ್ತವೆ, ದಪ್ಪ 15ಕ್ಕೆ ಇಳಿಯುತ್ತದೆ. ಆಮೇಲೆ ಬೈಂಡಿಂಗ್ ವಯರಿನಿಂದ ಎರಡು ಮೂರು ಕಣ್ಣಿಗೊಂದರಂತೆ ಕಟ್ಟಿಸಿ. ಕಟ್ಟುವುದು ಶೀಟು ಸರಿಯದಿರಲೆಂದು ಮಾತ್ರ, ಅದರಿಂದ ಲ್ಯಾಪಿನ ಉದ್ದ ಕಡಿಮೆ ಮಾಡಲಾಗದು.

ಇನ್ನು ಬ್ಲಾಕಿನ ವಿಷಯ. ನಿಮ್ಮ ಮೇಸ್ತ್ರಿ ಹೇಳುವ 25 ಮಿ.ಮೀ. ತಾರಸಿಯ ಅಭ್ಯಾಸ. ತಾರಸಿ ಗೋಡೆಯಿಂದ ಗೋಡೆಗೆ ನಿಂತು ಕೆಳಗೆ ಬಾಗುವುದರಿಂದ ಅದರ ಕಬ್ಬಿಣ ತಳದಲ್ಲಿರಬೇಕು. ನೆಲದ ಕಾಂಕ್ರೀಟನ್ನು ಹೊರುವುದು ಕೆಳಗಿನ ಭರ್ತಿ. ಅಲ್ಲಿ ಮೆಶ್ ಇರುವುದು ಕಾಂಕ್ರೀಟ್ ಒಣಗಿ ಕುಗ್ಗುವಾಗ ಬರುವ ಬಿರುಕನ್ನು ಕೂದಲೆಳೆಯಷ್ಟಕ್ಕೇ ಹಿಡಿದಿಡಲು. ಮೇಲ್ಮೈ ಮೊದಲು ಒಣಗುವುದರಿಂದ ಬಿರುಕು ಸಾಮಾನ್ಯವಾಗಿ ಮೇಲಿನಿಂದಲೇ ತೆರೆಯುತ್ತದೆ, ಆದ್ದರಿಂದ ಮೆಶ್ ಮೇಲ್ಭಾಗಕ್ಕೆ ಹತ್ತಿರವಿರಬೇಕು. 50ರ ಬ್ಲಾಕು, ಎರಡು ತಂತಿಯ 10, ಅದರ ಮೇಲೆ 40 ಮಿ.ಮೀ. ಕಾಂಕ್ರೀಟ್: ಅಲ್ಲಿಗೆ ನಿಮ್ಮ 100 ಆಯಿತು. ಉಪ್ಪುಗಾಳಿಯ ನಮ್ಮೂರಿನಲ್ಲಿ 5 ಮಿ.ಮೀ. ತಂತಿಗೆ ತುಕ್ಕು ಹಿಡಿದರೆ ಉಳಿಯುವುದು ಬಹಳ ಕಡಿಮೆ, ಹಾಗಾಗಿ 40ಕ್ಕಿಂತ ಮೇಲೆ ಬರುವುದೂ ಬೇಡ.

ಇದನ್ನು ನಾನು ಕಷ್ಟಪಟ್ಟು ಕಲಿತೆ. ಕಾಪುವಿನ ನಮ್ಮ ಹಿತ್ತಿಲಿನ ಕೊಟ್ಟಿಗೆಯ ನೆಲಕ್ಕೆ ಮೆಶ್ ಹಾಸಿದ ದಿನ ಬ್ಲಾಕ್ ಎಲ್ಲಿ ಎಂದು ಕೇಳಿದರೆ, «ಸುರಿಯುವಾಗ ಕೊಕ್ಕೆಯಲ್ಲಿ ಎತ್ತಿ ಬಿಡುತ್ತೇವೆ ಅಕ್ಕಾ, ನೀವು ತಲೆಬಿಸಿ ಮಾಡಬೇಡಿ» ಎಂದರು. ಎತ್ತಿದರು ಕೂಡ. ಆದರೆ ಎತ್ತಿದ ಜಾಗದ ಮೇಲೇ ಬಾಣಲಿ ಹೊತ್ತು ನಡೆದರು. ಮುಂದಿನ ಬೇಸಿಗೆಯಲ್ಲಿ ನೆಲದ ನಡುವೆ ನಾಣ್ಯ ಇಳಿಯುವಷ್ಟು ಬಿರುಕು ಬಂತು. ನೀರಿನ ಪೈಪಿಗಾಗಿ ಒಂದು ಕಡೆ ಒಡೆಸಿದಾಗ ಮೆಶ್ ಪೂರಾ ತಳದಲ್ಲಿ, ಪಾಲಿಥೀನಿಗೆ ಅಂಟಿಕೊಂಡು, ಕಂದು ಪುಡಿಯಾಗಿ ಉದುರುತ್ತಿತ್ತು. ಹಣ ಕೊಟ್ಟು ತಂದ ತಂತಿ ಒಂದು ದಿನವೂ ಕೆಲಸ ಮಾಡಿರಲಿಲ್ಲ.

ಬ್ಲಾಕುಗಳನ್ನು ಐದು ಕಣ್ಣಿಗೊಂದರಂತೆ, ಅಂದರೆ 750 ಮಿ.ಮೀ. ಅಂತರದಲ್ಲಿ, ತಂತಿ ಕೂಡುವ ಜಾಗದ ಕೆಳಗೇ ಇಡಿಸಿ. ನಿಮ್ಮ ಕೋಣೆಗೆ 117 ಆಗುತ್ತದೆ. ಒಡೆಯುವುದಕ್ಕೂ ಸೇರಿಸಿ 150 ಮಾಡಿಸಿಕೊಳ್ಳಿ. ನೆಲಕ್ಕೆ ಹಾಕುವ ಮಿಶ್ರಣದಲ್ಲೇ, ಸಣ್ಣ ಜಲ್ಲಿ ಹಾಕಿ, ಮುಂಚಿತವಾಗಿ ಎರಕ ಹೊಯ್ದು ನೀರುಣಿಸಿರಬೇಕು. ಮುರಕಲ್ಲಿನ ಚೂರನ್ನು ಇಡಲು ಬಿಡಬೇಡಿ. ಅದು ನೀರು ಹೀರುವ ಕಲ್ಲು, ತಳದ ತೇವವನ್ನು ನೇರವಾಗಿ ತಂತಿಗೆ ಮುಟ್ಟಿಸುತ್ತದೆ. ಕೆಲಸಗಾರರು ಮೆಶ್ ತುಳಿಯದಂತೆ ಹಲಗೆಯ ದಾರಿ ಮಾಡಿ. ಕಾಂಕ್ರೀಟ್ ಹಸಿಯಿರುವಾಗಲೇ ಗುರುತು ಹಾಕಿದ ಸಣ್ಣ ಕಂಬಿಯನ್ನು ಹತ್ತಾರು ಕಡೆ ಚುಚ್ಚಿ ನೋಡಿ: 40ರ ಆಸುಪಾಸಿನಲ್ಲಿ ತಂತಿಗೆ ತಾಗಬೇಕು. 70ಕ್ಕೆ ಇಳಿದರೂ ತಾಗದಿದ್ದರೆ ಆ ಜಾಗದಲ್ಲಿ ಬ್ಲಾಕು ಮಗುಚಿದೆ, ಆಗಲೇ ಸರಿಪಡಿಸಬಹುದು.

ಮೆಶ್ ಬದಲು ಕೋಳಿ ಬಲೆ ಆಗದೇ ಎಂದು ಇಲ್ಲಿ ಕೇಳಿದ ಸೋದರಿಗೆ: ನೀವು ಹೇಳುತ್ತಿರುವುದು ಕಂಬ ಮತ್ತು ಗೋಡೆ ಸೇರುವಲ್ಲಿ ಗಿಲಾವಿನ ಕೆಳಗೆ ಹಾಕುವ ತೆಳು ಬಲೆ. ಅದು ನೆಲಕ್ಕೆ ಆಗುವುದಿಲ್ಲ.

ಬಿರುಕು ಕಂಡಕಂಡಲ್ಲಿ ಬೀಳದಿರಲೆಂದು ನೆಲದ ಮೇಲ್ಮೈಯಲ್ಲಿ ಗರಗಸದಿಂದ ಕೊಯ್ಯುವ ಸೀಳಿನ ವಿಚಾರದಲ್ಲಿ ಒಮ್ಮತವಿಲ್ಲ. ಈ ದಪ್ಪಕ್ಕೆ ಸುಮಾರು 3 ಮೀಟರಿಗೊಂದು ಸೀಳು ಬೇಕು, ಮರುದಿನ ಬೆಳಗಿನೊಳಗೆ 25 ಮಿ.ಮೀ. ಆಳಕ್ಕೆ ಕೊಯ್ಯಬೇಕು ಎಂಬಲ್ಲಿಯವರೆಗೆ ಎಲ್ಲರೂ ಒಪ್ಪುತ್ತಾರೆ. ಮೆಶ್ 40ರಲ್ಲಿದ್ದರೆ ಗರಗಸ ತಂತಿಗೆ ತಾಗುವುದಿಲ್ಲ. ಆದರೆ ಸೀಳಿನ ಕೆಳಗೆ ಮೆಶ್ ಹಾಗೆಯೇ ಮುಂದುವರಿಯಬೇಕೆಂದು ಸುರತ್ಕಲ್ಲಿನ ಇಂಜಿನಿಯರ್ ಸದಸ್ಯರು ಹೇಳುತ್ತಾರೆ, ನಾನು ಒಂದು ಬಿಟ್ಟು ಒಂದು ತಂತಿಯನ್ನು ಮೊದಲೇ ಕತ್ತರಿಸುವ ಪಕ್ಷದವಳು, ಬಿರುಕು ಸೀಳಿನಲ್ಲೇ ಬೀಳಲೆಂದು. ಎರಡರಲ್ಲಿ ಯಾವುದನ್ನು ಮಾಡಿದರೂ ಸೀಳು ಲ್ಯಾಪಿನ ಮೇಲೆ ಬಾರದಿರಲಿ. ಮೊದಲ ಶೀಟಿನಿಂದ ಅಳೆದರೆ ನಿಮ್ಮ ಮೂರನೆಯ ಲ್ಯಾಪು 6 ಮೀಟರ್ ದಾಟಿದ ಕೂಡಲೇ ಶುರುವಾಗುತ್ತದೆ, ಆದ್ದರಿಂದ ಎರಡನೆಯ ಸೀಳನ್ನು 5.8 ಮೀಟರಿಗೆ ಸರಿಸಿಕೊಳ್ಳಿ.

ಪಾಲಿಥೀನ್ ಹಾಸುವುದು ನೇರ ಮಣ್ಣಿನ ಭರ್ತಿಯ ಮೇಲೋ, ಸಿಮೆಂಟ್ ಕಡಿಮೆ ಇರುವ ಬಡ ಕಾಂಕ್ರೀಟಿನ ಮೇಲೋ ತಿಳಿಸಿ. ಮಣ್ಣಿನ ಮೇಲಾದರೆ ಸಣ್ಣ ತಳದ ಬ್ಲಾಕು ತಂತಿಯ ಭಾರಕ್ಕೆ ಹಾಳೆಯನ್ನು ಚುಚ್ಚಿ ಒಳಗಿಳಿಯುತ್ತದೆ, ಆಗ 100 ಮಿ.ಮೀ. ಚೌಕದ ಅಗಲ ತಳ ಬೇಕಾಗುತ್ತದೆ.