ಮೂರು ಕೋನಕ್ಕೆ ತಾಳೆಯಾದರೆ ಸಾಧಿಸಿದ ಹಾಗೆ ಆಗುವುದಿಲ್ಲವೇ?

*ಪ್ರಶ್ನೆ: ನಾನು ಹತ್ತನೇ ತರಗತಿ. ಪರೀಕ್ಷೆಯಲ್ಲಿ (sin A + cosec A)² + (cos A + sec A)² = 7 + tan²A + cot²A ಎಂದು ಸಾಧಿಸಿ ಅಂತ ಕೇಳಿದ್ದರು. A = 30°, 45°, 60° ಹಾಕಿ, ಎರಡೂ ಕಡೆ ಸಮ ಬರುವುದನ್ನು ತೋರಿಸಿದೆ. ಲೆಕ್ಕದಲ್ಲಿ ಒಂದೂ ತಪ್ಪಿಲ್ಲ, ಆದರೂ ಸೊನ್ನೆ ಕೊಟ್ಟಿದ್ದಾರೆ. ಯಾಕೆ?*

ನಿಮ್ಮ ಲೆಕ್ಕವನ್ನು ನಾನೂ ಮಾಡಿ ನೋಡಿದೆ. 45° ಹಾಕಿದರೆ ಎರಡೂ ಕಡೆ 9 ಬರುತ್ತದೆ. 30° ಹಾಕಿದರೂ 60° ಹಾಕಿದರೂ ಎರಡೂ ಕಡೆ 31/3. ಎಲ್ಲವೂ ಸರಿಯಾಗಿಯೇ ಇದೆ. ಈಗ ಅದೇ ಮೂರು ಕೋನಗಳನ್ನು ಇದಕ್ಕೂ ಹಾಕಿ ನೋಡಿ:

(sin A + cosec A)² + (cos A + sec A)² = (43 − 64 sin²A cos²A) / 3

ಎಡಭಾಗ ನಿಮ್ಮದೇ, ಬಲಭಾಗವನ್ನು ಮಾತ್ರ ನಾನು ಬದಲಿಸಿದ್ದೇನೆ. 45°ಗೆ sin²A, cos²A ಎರಡೂ 1/2. ಹಾಗಾಗಿ 64 × 1/4 = 16, ಬಲಭಾಗ (43 − 16)/3 = 9. 30°ಗೆ sin²A = 1/4, cos²A = 3/4. 64 × 3/16 = 12, ಬಲಭಾಗ (43 − 12)/3 = 31/3. 60°ಗೆ sin ಮತ್ತು cos ಅದಲುಬದಲಾಗುತ್ತವೆ ಅಷ್ಟೆ, ಮತ್ತೆ 31/3. ಮೂರಕ್ಕೂ ತಾಳೆಯಾಯಿತು.

ಆದರೆ ಇದು ಶುದ್ಧ ತಪ್ಪು. A = 5° ಎಂದುಕೊಳ್ಳಿ. cosec 5° ಸುಮಾರು 11.47. ಅದನ್ನು ವರ್ಗ ಮಾಡಿ ಕೂಡಿದಾಗ ಎಡಭಾಗ ಸುಮಾರು 137.65 ಆಗುತ್ತದೆ. ಬಲಭಾಗ ಬರೀ 14.17. ನಿಜ ಹೇಳಬೇಕೆಂದರೆ ಇದಕ್ಕೆ ಕ್ಯಾಲ್ಕುಲೇಟರ್ ಕೂಡ ಬೇಡ. ನಾನು ಬರೆದ ಬಲಭಾಗದಲ್ಲಿ 43ರಿಂದ ಕಳೆಯುವುದು ಮಾತ್ರ ಇದೆ, ಆದ್ದರಿಂದ ಅದು ಯಾವತ್ತೂ 43/3 ಅನ್ನು ದಾಟುವುದಿಲ್ಲ. ಎಡಭಾಗವಾದರೋ ಕೋನ ಸೊನ್ನೆಗೆ ಹತ್ತಿರವಾದಷ್ಟೂ ಮಿತಿಯಿಲ್ಲದೆ ಏರುತ್ತದೆ. ಮೂರು ಕೋನಕ್ಕೆ ತಾಳೆಯಾಗುವುದೇ ಸಾಧನೆ ಎಂದು ಒಪ್ಪಿ ನಿಮಗೆ ಅಂಕ ಕೊಟ್ಟರೆ, ಈ ಸುಳ್ಳನ್ನು ಬರೆದವರಿಗೂ ಅಷ್ಟೇ ಅಂಕ ಕೊಡಬೇಕಾಗುತ್ತದೆ. ನಿಮಗೆ ಸೊನ್ನೆ ಬಂದದ್ದು ಇದಕ್ಕೇ.

ಇಂಥದ್ದನ್ನು ಕಟ್ಟುವುದು ಎಷ್ಟು ಸುಲಭ ಎಂಬುದನ್ನೂ ಹೇಳಬೇಕು. ಬಲಭಾಗ a + b sin²A cos²A ಎಂದು ಇಟ್ಟುಕೊಂಡೆ. 45°ಗೆ 9 ಬರಬೇಕು, 30°ಗೆ 31/3 ಬರಬೇಕು. ಎರಡು ಸಮೀಕರಣ, ಎರಡು ಅವ್ಯಕ್ತ, ಬಿಡಿಸಿದರೆ a, b ಸಿಕ್ಕಿಬಿಡುತ್ತವೆ. 60°ಗೆ ನಾನು ಏನೂ ಮಾಡಲಿಲ್ಲ. sin, cos ಅದಲುಬದಲು ಮಾಡಿದರೂ ಎರಡೂ ಭಾಗಗಳು ಬದಲಾಗದ ಕಾರಣ 30°ಗೆ ಸರಿಹೋದದ್ದು 60°ಗೆ ತಾನಾಗಿಯೇ ಸರಿಹೋಯಿತು. ನೀವು ಇನ್ನೂ ಹತ್ತು ಕೋನ ಹಾಕಿ ನೋಡಿದ್ದರೆ ನಾನು ಇನ್ನಷ್ಟು ಪದಗಳನ್ನು ಸೇರಿಸಿ ಆ ಹತ್ತಕ್ಕೂ ಹೊಂದುವಂಥ ತಪ್ಪು ಬಲಭಾಗವೊಂದನ್ನು ಬರೆದುಕೊಡಬಹುದಿತ್ತು.

ಕೇಳಿದ್ದ ಸಾಧನೆ ನಿಜಕ್ಕೂ ಚಿಕ್ಕದು. ಎಡಭಾಗವನ್ನು ಬಿಡಿಸಿ. sin A × cosec A = 1, ಹಾಗಾಗಿ ಮೊದಲ ವರ್ಗ sin²A + 2 + cosec²A. ಎರಡನೆಯದು cos²A + 2 + sec²A. ಕೂಡಿದಾಗ sin²A + cos²A ಸೇರಿ 1, ಎರಡು 2ಗಳು ಸೇರಿ 4. cosec²A ಬದಲು 1 + cot²A, sec²A ಬದಲು 1 + tan²A ಬರೆದರೆ ಒಟ್ಟು 7 + tan²A + cot²A. ಇದರಲ್ಲಿ ಎಲ್ಲಿಯೂ ಒಂದು ನಿರ್ದಿಷ್ಟ ಕೋನದ ಬೆಲೆ ಬಂದಿಲ್ಲ. sin A, cos A ಎರಡೂ ಸೊನ್ನೆಯಲ್ಲ ಎನ್ನುವುದಷ್ಟೇ ನಮಗೆ ಬೇಕಾಯಿತು. ಆದ್ದರಿಂದಲೇ ಅದು 5°ಗೂ 37.2°ಗೂ ಒಟ್ಟಿಗೇ ಅನ್ವಯಿಸುತ್ತದೆ.

ಇಷ್ಟಕ್ಕೇ ನಿಲ್ಲಿಸಬಹುದಿತ್ತು. ಆದರೆ ನಿಮ್ಮ ಲೆಕ್ಕದಲ್ಲಿ ನನಗೆ ತುಂಬ ಇಷ್ಟವಾದ ಸಂಗತಿಯೊಂದು ಅಡಗಿದೆ. ನಿಮ್ಮ ಮೂರು ತಾಳೆಗಳು ಸಾಧನೆಯಾಗುವುದಕ್ಕೆ ಒಂದೇ ಒಂದು ತಾಳೆ ಕಡಿಮೆ ಇತ್ತು, ಜೊತೆಗೆ ಒಂದು ವಾದ ಕಡಿಮೆ ಇತ್ತು.

sin²A ಅನ್ನು u ಎಂದು ಕರೆಯಿರಿ. ಆಗ cos²A = 1 − u. ಎಡಭಾಗ (1 + u)²/u + (2 − u)²/(1 − u) ಆಗುತ್ತದೆ, ಬಲಭಾಗ 7 + u/(1 − u) + (1 − u)/u. ಛೇದಗಳು ಹೋಗಲೆಂದು ಎರಡೂ ಕಡೆ u(1 − u)ನಿಂದ ಗುಣಿಸಿ:

(1 + u)²(1 − u) + (2 − u)² u = 7u(1 − u) + u² + (1 − u)²

ಈಗ ಎರಡೂ ಕಡೆ ಇರುವುದು u ಚರಾಕ್ಷರದ ಬಹುಪದೋಕ್ತಿಗಳು. ಗುಣಿಸಿ ಬಿಡಿಸದೆಯೇ ಗೊತ್ತಾಗುತ್ತದೆ, ಎಲ್ಲಿಯೂ ಘಾತ 3ನ್ನು ಮೀರುವುದಿಲ್ಲ. ಬಲಭಾಗವನ್ನು ಎಡಭಾಗದಿಂದ ಕಳೆದರೆ ಸಿಗುವ ವ್ಯತ್ಯಾಸದ ಘಾತವೂ 3ನ್ನು ಮೀರದು. ಘಾತ 3ರ ಬಹುಪದೋಕ್ತಿಗೆ ಹೆಚ್ಚೆಂದರೆ ಮೂರು ಶೂನ್ಯತೆಗಳು ಎಂದು ನೀವು ಓದಿದ್ದೀರಿ. ಪ್ರತಿ ಶೂನ್ಯತೆಗೂ ಒಂದು ಅಪವರ್ತನ ಬರುತ್ತದೆ, ನಾಲ್ಕು ಅಪವರ್ತನ ಬಂದರೆ ಘಾತ 4 ಆಗಿಬಿಡುತ್ತದೆ. ಹಾಗಾಗಿ ಬೇರೆ ಬೇರೆಯಾದ ನಾಲ್ಕು u ಬೆಲೆಗಳಿಗೆ ವ್ಯತ್ಯಾಸ ಸೊನ್ನೆಯಾದರೆ, ಅದು ಎಲ್ಲ ಕಡೆಯೂ ಸೊನ್ನೆಯೇ ಆಗಿರಬೇಕು.

ನೀವು ಹಾಕಿದ 30°, 45°, 60° ಎಂದರೆ u = 1/4, 1/2, 3/4. ಮೂರು ಆದವು. (60°ಯದು ಪುಕ್ಕಟೆ ಬಂದದ್ದು ಎಂದೆನಲ್ಲ, ಪರವಾಗಿಲ್ಲ. ಶೂನ್ಯತೆ ಹೇಗೆ ಸಿಕ್ಕರೂ ಎಣಿಕೆಗೆ ಬರುತ್ತದೆ.) ನಾಲ್ಕನೆಯದಾಗಿ u = 0 ಹಾಕಿ. ಮೂಲ ರೂಪದಲ್ಲಿ ಇದನ್ನು ಹಾಕುವಂತಿರಲಿಲ್ಲ, cosec 0° ಇಲ್ಲವಲ್ಲ. ಬಹುಪದೋಕ್ತಿಯಲ್ಲಿ ಯಾವ ಅಡ್ಡಿಯೂ ಇಲ್ಲ: ಎಡಭಾಗ 1 × 1 + 0 = 1, ಬಲಭಾಗ 0 + 0 + 1 = 1. ನಾಲ್ಕಾದವು, ಸಾಧನೆ ಮುಗಿಯಿತು. ಇಷ್ಟನ್ನು ಬರೆದಿದ್ದರೆ ಅದು ಪೂರ್ಣ ಸಾಧನೆ. ಮೂರಕ್ಕೇ ನಿಲ್ಲಿಸಿದ್ದರೆ ಮಾತ್ರ ವ್ಯತ್ಯಾಸವು (u − 1/4)(u − 1/2)(u − 3/4)ರ ಯಾವುದೋ ಗುಣಕವಾಗಿರುವ ಸಾಧ್ಯತೆ ಉಳಿದೇ ಇರುತ್ತಿತ್ತು.

ನನ್ನ ಸುಳ್ಳು ಬಲಭಾಗವನ್ನೂ ಇದೇ ದಾರಿಯಲ್ಲಿ ಒಯ್ದು ನೋಡಿ. ಎರಡೂ ಕಡೆ 3u(1 − u)ನಿಂದ ಗುಣಿಸಿದರೆ ಬಲಭಾಗದಲ್ಲಿ 64u²(1 − u)² ಬರುತ್ತದೆ, ಅಂದರೆ ಘಾತ 4. ಅದಕ್ಕೆ ಐದು ತಾಳೆ ಬೇಕು. u = 0 ಹಾಕಿದ ಕೂಡಲೇ ಎಡಭಾಗ 3, ಬಲಭಾಗ 0. ಅಲ್ಲಿಯೇ ಬಿದ್ದುಹೋಯಿತು.

ಇಲ್ಲಿ ಕೆಲಸ ಮಾಡಿದ್ದು ನಾಲ್ಕು ಎಂಬ ಸಂಖ್ಯೆಯಲ್ಲ. ವ್ಯತ್ಯಾಸಕ್ಕೆ ಮೂರಕ್ಕಿಂತ ಹೆಚ್ಚು ಶೂನ್ಯತೆ ಇರಲಾರದು ಎಂದು ಮೊದಲೇ ಗೊತ್ತಿತ್ತು, ಅದಕ್ಕೇ ನಾಲ್ಕು ಸಾಕಾಯಿತು. ಅಂಥ ಮಿತಿ ಗೊತ್ತಿಲ್ಲದ ಕಡೆ ಕೋಟಿಗಟ್ಟಲೆ ಬೆಲೆಗಳೂ ಸಾಲುವುದಿಲ್ಲ. ಇದನ್ನು ಉತ್ಪ್ರೇಕ್ಷೆಗೆ ಹೇಳುತ್ತಿಲ್ಲ. "n ಒಂದು ಧನ ಪೂರ್ಣಾಂಕವಾದರೆ 61n² + 1 ಎಂದೂ ಪೂರ್ಣವರ್ಗವಲ್ಲ" ಎಂದು ಒಬ್ಬರು ಹೇಳಿದರು ಎಂದುಕೊಳ್ಳಿ. n = 1 ಹಾಕಿದರೆ 62, ಪೂರ್ಣವರ್ಗವಲ್ಲ. n = 2 ಹಾಕಿದರೆ 245, ಅಲ್ಲ. n = 3 ಹಾಕಿದರೆ 550, ಅಲ್ಲ. ಹೀಗೆ ಒಂದೊಂದಾಗಿ ಹೋದರೆ 22 ಕೋಟಿ ದಾಟುವವರೆಗೂ ಒಂದೂ ಸಿಗುವುದಿಲ್ಲ. ಆಮೇಲೆ n = 22,61,53,980 ಬರುತ್ತದೆ. ಆಗ 61n² + 1 ಎಂಬುದು 1,76,63,19,049ರ ವರ್ಗ. ಎರಡನೇ ಭಾಸ್ಕರಾಚಾರ್ಯರು 1150ರ ‘ಬೀಜಗಣಿತ’ ಗ್ರಂಥದಲ್ಲಿ ಇದೇ 61ರ ಲೆಕ್ಕವನ್ನು, ಒಂದು ಹೆಜ್ಜೆಯ ಉತ್ತರದಿಂದ ಮುಂದಿನದನ್ನು ಕಟ್ಟುತ್ತ ಹೋಗುವ ಚಕ್ರವಾಲ ವಿಧಾನದಿಂದ ಬಿಡಿಸಿ ಈ ಜೋಡಿಯನ್ನು ಕೊಟ್ಟಿದ್ದಾರೆ. ಬೆಲೆಗಳನ್ನು ಸಾಲಾಗಿ ಹಾಕುತ್ತ ಹೋಗಿ ಕಂಡುಕೊಂಡದ್ದಲ್ಲ ಅದು.

ಹಾಗೆಂದು ಬೆಲೆ ಹಾಕಿ ನೋಡುವುದನ್ನು ಬಿಡಬೇಡಿ. "ಎಲ್ಲ A ಬೆಲೆಗೂ" ಎನ್ನುವ ಹೇಳಿಕೆಯನ್ನು ಉರುಳಿಸಲು ಒಂದೇ ಬೆಲೆ ಸಾಕು. ಪ್ರಶ್ನೆಪತ್ರಿಕೆಯಲ್ಲಿ 7 ಇರಬೇಕಾದ ಕಡೆ 5 ಅಚ್ಚಾಗಿದ್ದರೆ, 45° ಹಾಕಿದ ತಕ್ಷಣ ಎಡಭಾಗ 9, ಬಲಭಾಗ 7 ಬಂದು ಅರ್ಧ ನಿಮಿಷದಲ್ಲಿ ಗೊತ್ತಾಗುತ್ತದೆ. ಇಲ್ಲದ್ದನ್ನು ಸಾಧಿಸಲು ಅರ್ಧ ಗಂಟೆ ಒದ್ದಾಡುವುದು ತಪ್ಪುತ್ತದೆ. ಮನೆಯಲ್ಲಿ ಕ್ಯಾಲ್ಕುಲೇಟರ್ ಇದ್ದಾಗ ಕೋಷ್ಟಕದ ಕೋನಗಳಿಗಿಂತ 17° ಅಥವಾ 5°ಯಂಥದ್ದನ್ನು ಹಾಕಿ. 45°ಗೆ sin ಮತ್ತು cos ಒಂದೇ ಆಗಿರುವುದರಿಂದ, ಎರಡನ್ನು ಅದಲುಬದಲು ಬರೆದ ತಪ್ಪು ಅಲ್ಲಿ ಕಾಣಿಸುವುದೇ ಇಲ್ಲ.

ಸಮೀಕರಣ ಬಿಡಿಸುವಾಗಲಂತೂ ಬೆಲೆ ಹಾಕುವುದಕ್ಕೆ ಪೂರ್ಣ ಬೆಲೆ ಇದೆ. √(x + 6) = x ಬಿಡಿಸಿ ಎಂದರೆ ಎರಡೂ ಕಡೆ ವರ್ಗ ಮಾಡಿ x² − x − 6 = 0 ಎಂದು ಬರೆಯುತ್ತೀರಿ, x = 3, x = −2 ಸಿಗುತ್ತವೆ. ಮೂಲ ಸಮೀಕರಣದಲ್ಲಿ 3 ಹಾಕಿದರೆ √9 = 3, ಸರಿ. −2 ಹಾಕಿದರೆ √4 = 2, −2 ಅಲ್ಲ. ವರ್ಗ ಮಾಡುವಾಗ ಅದು ಒಳಗೆ ನುಸುಳಿತು. "3 ಒಂದು ಪರಿಹಾರ" ಎನ್ನಲು ಆ ಒಂದು ಸಾಲಿನ ತಾಳೆಯೇ ಸಾಧನೆ, ಬೇರೇನೂ ಬೇಡ, ಏಕೆಂದರೆ ಅಲ್ಲಿ ಮಾತು ಒಂದೇ ಸಂಖ್ಯೆಯದು. "ಬೇರೆ ಪರಿಹಾರವಿಲ್ಲ" ಎನ್ನುವುದಕ್ಕೆ ಮಾತ್ರ ಆ ತಾಳೆ ಸಾಲದು. ಅದನ್ನು ಹೇಳಿಕೊಟ್ಟದ್ದು ವರ್ಗ ಮಾಡಿದ ಹೆಜ್ಜೆ: ಪರಿಹಾರ ಇದ್ದರೆ ಅದು 3 ಅಥವಾ −2 ಆಗಿರಲೇಬೇಕು ಎಂದು.