640 ಅಡಿ ಬೋರ್‌ಗೆ 1,57,600 ಬಿಲ್: ಎಲ್ಲಿ ಸರಿ, ಎಲ್ಲಿ ತಪ್ಪು

ಪ್ರಶ್ನೆ: ಹೊಲದಲ್ಲಿ ಬೋರ್ ಕೊರೆಸಿದೆವು, 640 ಅಡಿಗೆ ಒಂದೂವರೆ ಇಂಚು ನೀರು ಸಿಕ್ಕಿದೆ. ಏಜೆಂಟ್ ಕೊಟ್ಟ ಚೀಟಿಯಲ್ಲಿ 300 ಅಡಿವರೆಗೆ 95 ರೂಪಾಯಿ, 400ರವರೆಗೆ 105, 500ರವರೆಗೆ 115, 600ರವರೆಗೆ 130, 700ರವರೆಗೆ 145 ಅಂತಿತ್ತು. ಈಗ ಬಿಲ್‌ನಲ್ಲಿ ಡ್ರಿಲ್ಲಿಂಗ್ 92,800, ಕೇಸಿಂಗ್ 140 ಅಡಿಗೆ 58,800, ಗಾಡಿ ಚಾರ್ಜ್ 6,000, ಒಟ್ಟು 1,57,600 ಇದೆ. ಅರ್ಧ ದುಡ್ಡು ಕೊಟ್ಟಿದ್ದೇವೆ. ಮೋಟರ್ ಇನ್ನೂ ಇಳಿಸಿಲ್ಲ. ಬಿಲ್ ಸರಿ ಇದೆಯಾ?

ಉತ್ತರ: ಡ್ರಿಲ್ಲಿಂಗ್ ಲೆಕ್ಕ ತಪ್ಪಾಗಿದೆ. ಅದರಲ್ಲೇ 23,500 ರೂಪಾಯಿ ಜಾಸ್ತಿ ಬರೆದಿದ್ದಾರೆ. ಕೇಸಿಂಗ್ ಅಳತೆ ನೋಡಿಯೇ ಹೇಳಬೇಕು. ಗಾಡಿ ಚಾರ್ಜ್ ಸರಿಯೋ ತಪ್ಪೋ ಅನ್ನೋದು ನಿಮ್ಮ ಮಾತುಕತೆ ಮೇಲೆ ಇದೆ. ನಾನು ಕೆಲವು ವರ್ಷ ರಿಗ್ ಲಾರಿ ಜೊತೆ ಊರೂರು ಸುತ್ತಿದವನು, ಇಂಥ ಬಿಲ್ ಬರೆಯುತ್ತಿದ್ದವನೂ ನಾನೇ. ಹಾಗಾಗಿ ಎರಡೂ ಕಡೆಯ ಮಾತು ಗೊತ್ತು.

ಮೊದಲು ಡ್ರಿಲ್ಲಿಂಗ್. ನಿಮ್ಮ ಏಜೆಂಟ್ 640 ಅಡಿಯನ್ನೂ ಕೊನೆಯ ರೇಟ್‌ಗೆ, ಅಂದರೆ 145ಕ್ಕೆ ಗುಣಿಸಿದ್ದಾರೆ. 640 × 145 = 92,800. ಆದರೆ ಆ ಚೀಟಿಯಲ್ಲಿರುವುದು ಸ್ಲ್ಯಾಬ್ ರೇಟ್. ಆಯಾ ಆಳದ ಅಡಿಗೆ ಆಯಾ ರೇಟ್. ಹಾಗೆ ಹಾಕಿದರೆ ಮೊದಲ 300 ಅಡಿಗೆ 28,500 ಆಗುತ್ತೆ. 300ರಿಂದ 400ರವರೆಗಿನ ನೂರು ಅಡಿಗೆ 10,500, ಅದರ ಮುಂದಿನ ನೂರಕ್ಕೆ 11,500, 500ರಿಂದ 600ಕ್ಕೆ 13,000. ಉಳಿದ 40 ಅಡಿಗೆ ಮಾತ್ರ 145, ಅಂದರೆ 5,800. ಎಲ್ಲಾ ಕೂಡಿಸಿದರೆ 69,300.

ಏಜೆಂಟ್ ಬಹುಶಃ "600 ದಾಟಿದರೆ ಪೂರ್ತಿ ಬೋರ್‌ಗೆ 145 ಅಂತಲೇ ಅರ್ಥ" ಎಂದು ವಾದಿಸಬಹುದು. ಹಾಗಾದರೆ ಒಂದು ಸಣ್ಣ ಪ್ರಶ್ನೆ ಕೇಳಿ. ಸರಿಯಾಗಿ 600 ಅಡಿಗೆ ನಿಲ್ಲಿಸಿದ್ದರೆ ಬಿಲ್ ಎಷ್ಟಾಗ್ತಿತ್ತು? ಅವರ ಲೆಕ್ಕದಲ್ಲೇ 600 × 130, ಅಂದರೆ 78,000. ಇನ್ನೊಂದೇ ಒಂದು ಅಡಿ ಇಳಿಸಿದ್ದರೆ? 601 × 145, ಅಂದರೆ 87,145. ಆ ಒಂದು ಅಡಿಗೆ 9,145 ರೂಪಾಯಿ! ಇದನ್ನು ಚೀಟಿ ಹಿಂದೆ ಅವರ ಎದುರೇ ಬರೆದು ತೋರಿಸಿ. ಜಗಳ ಆಡಬೇಕಾಗಿಲ್ಲ. ಅಷ್ಟಾದ ಮೇಲೂ ಅದೇ ಲೆಕ್ಕ ಹಿಡಿದು ಕೂರುವವರು ಕಡಿಮೆ.

ಆಳಕ್ಕೆ ಹೋದಂತೆ ರೇಟ್ ಏರೋದು ಮಾತ್ರ ಸುಮ್ನೆ ಅಲ್ಲ. ಅದರಲ್ಲಿ ನ್ಯಾಯ ಇದೆ. ಹ್ಯಾಮರ್ ಓಡುವುದು ಕಂಪ್ರೆಸರ್ ಗಾಳಿಯಿಂದ. ಪುಡಿಯಾದ ಕಲ್ಲನ್ನು ಮೇಲಕ್ಕೆ ತಂದು ಹಾಕುವುದೂ ಅದೇ ಗಾಳಿ. ಮಧ್ಯೆ 200 ಅಡಿಯಲ್ಲಿ ನೀರು ಸಿಕ್ಕಿತು ಅಂದುಕೊಳ್ಳಿ. ರಾಡ್ ಸೇರಿಸಲು ಗಾಳಿ ನಿಲ್ಲಿಸಿದಾಗೆಲ್ಲ ಬೋರ್ ಒಳಗೆ ನೀರು ತುಂಬಿಕೊಳ್ಳುತ್ತೆ. ಮತ್ತೆ ಶುರು ಮಾಡುವಾಗ ಆ ನೀರನ್ನೆಲ್ಲ ಎತ್ತಿ ಹೊರಗೆ ಎಸೆಯಬೇಕು. 33 ಅಡಿ ನೀರು ನಿಂತರೆ ಸುಮಾರು 15 ಪಿಎಸ್‌ಐ ಒತ್ತಡ. 400 ಅಡಿ ನೀರು ನಿಂತರೆ ಅದನ್ನು ಕದಲಿಸುವುದಕ್ಕೇ 180 ಪಿಎಸ್‌ಐ ಹತ್ತಿರ ಬೇಕು. ಜೊತೆಗೆ ಬಿಟ್ ಸವೆದು ಬದಲಿಸಬೇಕಾದರೆ ಅಷ್ಟೂ ರಾಡನ್ನು ಒಂದೊಂದಾಗಿ ಬಿಚ್ಚಿ ಮೇಲೆ ತರಬೇಕು, ಮತ್ತೆ ಇಳಿಸಬೇಕು. ಡೀಸೆಲ್ ಕುಡಿಯೋದು ಅಲ್ಲೇ. ಆದರೆ ಈ ಕಷ್ಟವೆಲ್ಲ ಕೆಳಗಿನ ಅಡಿಗಳದ್ದು. ಮೇಲಿನ 300 ಅಡಿ ಕೊರೆಯುವಾಗ ಇಷ್ಟು ಕಷ್ಟ ಇರಲಿಲ್ಲ. ಆ ಅಡಿಗೆ 145 ಕೇಳುವುದಕ್ಕೆ ಕಾರಣವೇ ಇಲ್ಲ, ಅಲ್ವಾ?

ಇನ್ನು 640 ಅಡಿ ನಿಜವಾಗಿ ಹೋಗಿದೆಯಾ? ಕೊರೆಯುವಾಗ ನಿಮ್ಮವರು ಯಾರಾದರೂ ರಾಡ್ ಎಣಿಸಿದ್ದರೆ ಒಳ್ಳೆಯದು. ನಾವು ಬಳಸುತ್ತಿದ್ದ ರಾಡ್ 20 ಅಡಿದು, 640 ಅಡಿಗೆ 32 ರಾಡ್ ಬೇಕು. ನಿಮ್ಮ ಗಾಡಿಯ ರಾಡ್ ಎಷ್ಟು ಉದ್ದದ್ದು ಅಂತ ಕೇಳಿಕೊಳ್ಳಿ.

ಒಂದು ಸಲ ಒಂದು ಹಳ್ಳಿಯಲ್ಲಿ ನಾವು ಕೊರೆಯುತ್ತಿದ್ದಾಗ ಮನೆಯ ಅಜ್ಜಿ ಹುಣಸೆ ಮರದ ಕೆಳಗೆ ಕೂತಿದ್ದರು. ಒಂದು ರಾಡ್ ಸೇರಿದಾಗ ಒಂದು ಹುಣಸೆ ಬೀಜ ಸೆರಗಿನ ಗಂಟಿಗೆ ಹಾಕಿಕೊಳ್ಳೋರು. ಮಧ್ಯೆ ಊಟಕ್ಕೂ ಏಳಲಿಲ್ಲ. ನಾನು ನಮ್ಮ ಹುಡುಗನ ಮಾತು ನಂಬಿ 36 ರಾಡ್, 720 ಅಡಿ ಅಂತ ಬರೆದೆ. ಅಜ್ಜಿ ಗಂಟು ಬಿಚ್ಚಿ ಜಗಲಿ ಮೇಲೆ ಬೀಜ ಹರಡಿದರು. 35 ಇತ್ತು. ರಾಡ್ ಮೇಲಕ್ಕೆ ತೆಗೆಯುವಾಗ ಇಬ್ಬರೂ ನಿಂತು ಎಣಿಸಿದೆವು. 35 ಬಂತು. ಬಿಲ್ ಹರಿದು ಹೊಸದು ಬರೆದೆ. ರಾಡ್ ಇಳಿಸುವಾಗ ಎಣಿಕೆ ತಪ್ಪಿದರೂ ತೆಗೆಯುವಾಗ ಇನ್ನೊಂದು ಅವಕಾಶ ಇದ್ದೇ ಇರುತ್ತೆ, ಜನ ಅದನ್ನು ಮರೆಯುತ್ತಾರೆ.

ನಿಮ್ಮಲ್ಲಿ ಗಾಡಿ ಹೋಗಿಬಿಟ್ಟಿದೆ. ಈಗ ಉಳಿದಿರೋದು ಹಗ್ಗಕ್ಕೆ ಕಬ್ಬಿಣದ ತುಂಡು ಕಟ್ಟಿ ಇಳಿಸಿ ನೋಡೋದು. ಭಾರ ತಳ ಮುಟ್ಟಿದಾಗ ಹಗ್ಗ ಸಡಿಲ ಆಗುತ್ತೆ. ಅಲ್ಲಿಗೆ ಗುರುತು ಹಾಕಿ ಮೇಲೆ ತಂದು ಟೇಪ್‌ನಲ್ಲಿ ಅಳೆಯಿರಿ. ತಳದಲ್ಲಿ ಕಲ್ಲಿನ ಪುಡಿ, ಕೆಸರು ಕೂತಿರುತ್ತೆ. ಹಾಗಾಗಿ ಹತ್ತು ಹದಿನೈದು ಅಡಿ ಕಡಿಮೆ ಬಂದರೆ ಮೋಸ ಅಂದುಕೊಳ್ಳಬೇಡಿ. ಅರವತ್ತು ಎಪ್ಪತ್ತು ಅಡಿ ಕಡಿಮೆ ಬಂದರೆ ಮಾತ್ರ ಕೇಳಿ. ಆಗಲೂ ಮಧ್ಯೆ ಎಲ್ಲಾದರೂ ಕಲ್ಲು ಕುಸಿದು ಅಡ್ಡ ಸಿಕ್ಕಿಕೊಂಡಿರಬಹುದು. ಅದೂ ಮೋಟರ್ ಇಳಿಸುವ ಮೊದಲೇ ಗೊತ್ತಾಗೋದು ವಾಸಿ.

ಈಗ ಕೇಸಿಂಗ್. ನಿಮ್ಮ ಬಿಲ್ ಪ್ರಕಾರ ಅಡಿಗೆ 420 ಬಿದ್ದಿದೆ. ಕೆಲವರಿಗೆ ಇಲ್ಲಿ ಒಂದು ಅನುಮಾನ ಬರುತ್ತೆ. ಕೇಸಿಂಗ್ ಹಾಕಿದ 140 ಅಡಿಗೆ ಡ್ರಿಲ್ಲಿಂಗ್ ದುಡ್ಡೂ ತಗೊಂಡು ಪೈಪ್ ದುಡ್ಡೂ ತಗೊಂಡರಲ್ಲ, ಎರಡು ಸಲ ಆಯ್ತಲ್ಲ ಅಂತ. ಅದು ತಪ್ಪಲ್ಲ. ಒಂದು ಕೊರೆದ ಕೂಲಿ, ಇನ್ನೊಂದು ಪೈಪ್‌ನ ಬೆಲೆ. ಪೈಪ್ ಕೂರುವಷ್ಟು ಭಾಗವನ್ನು ದೊಡ್ಡ ಬಿಟ್‌ನಲ್ಲಿ ಅಗಲವಾಗಿ ಕೊರೆಯಬೇಕು ಬೇರೆ.

ಕೇಸಿಂಗ್ ಎಷ್ಟು ಇಳಿಯಬೇಕು ಅನ್ನೋದನ್ನು ನೆಲ ಹೇಳುತ್ತೆ. ಮಣ್ಣು, ಅದರ ಕೆಳಗಿನ ಮೆತ್ತನೆ ಕಲ್ಲು ಪೂರ್ತಿ ದಾಟಿ, ಗಟ್ಟಿ ಬಂಡೆಯೊಳಗೆ ಕೆಲವು ಅಡಿ ಹೋಗಿ ಕೂರಬೇಕು. ಬಂಡೆ ಸಿಕ್ಕಿದ್ದು ಹೊರಗೆ ನಿಂತವರಿಗೂ ಗೊತ್ತಾಗುತ್ತೆ. ಕೆಂಪು, ಕಂದು ಮಣ್ಣು ಬರುತ್ತಿದ್ದದ್ದು ನಿಂತು ಬೂದು ಬಣ್ಣದ ಪುಡಿ ಹಾರಲು ಶುರುವಾಗುತ್ತೆ. ಸದ್ದು ಬಿಗಿಯಾಗುತ್ತೆ, ರಾಡ್ ಇಳಿಯೋದು ನಿಧಾನ ಆಗುತ್ತೆ. ಕೊರೆಯುವಾಗ ಅಲ್ಲಿದ್ದವರನ್ನು ಕೇಳಿ, ಬೂದು ಪುಡಿ ಎಷ್ಟನೇ ರಾಡ್‌ಗೆ ಬಂತು ಅಂತ. ಆರನೇ ರಾಡ್ ಮುಗಿಯುವಾಗ ಬಂತು ಅಂದರೆ, ಅಂದರೆ 120 ಅಡಿ ಹತ್ತಿರ, 140 ಅಡಿ ಕೇಸಿಂಗ್ ನಂಬಬಹುದಾದ ಮಾತು. 60 ಅಡಿಗೇ ಬಂಡೆ ಸಿಕ್ಕಿತ್ತು ಅಂದರೆ ಉಳಿದ ಪೈಪ್ ಯಾಕೆ ಅಂತ ಕೇಳಲೇಬೇಕು. ಪಕ್ಕದ ಹೊಲದ ಬೋರ್‌ಗೆ ಎಷ್ಟು ಹಿಡಿದಿತ್ತು ಅನ್ನೋದೂ ಅಂದಾಜು ಕೊಡುತ್ತೆ. ಆದರೆ ನೂರು ಗಜ ಆಚೆಗೇ ಬಂಡೆಯ ಮಟ್ಟ ಬದಲಾಗಬಹುದು, ಅದನ್ನೇ ಸಾಕ್ಷಿ ಮಾಡಿಕೊಳ್ಳಬೇಡಿ.

ಅಳೆಯೋಕೆ ಹಳ್ಳಿ ಉಪಾಯ ಒಂದಿದೆ. ಒಳ್ಳೆ ಬಿಸಿಲಿರುವಾಗ ಬೋರ್ ಬಾಯಿಯ ಹತ್ತಿರ ಕನ್ನಡಿ ಹಿಡಿದು ಬೆಳಕನ್ನು ನೇರ ಒಳಕ್ಕೆ ಬಿಡಿ. ಪೈಪ್‌ನ ನುಣುಪು ಗೋಡೆ, ಜಾಯಿಂಟ್ ಇರುವ ಕಡೆ ಸಣ್ಣ ಬಳೆಯ ಹಾಗೆ ಗೆರೆ ಕಾಣುತ್ತೆ. ಪೈಪ್ ಮುಗಿದ ಕಡೆ ಗೋಡೆ ಒರಟಾಗಿ ಬೂದು ಬಣ್ಣಕ್ಕೆ ತಿರುಗುತ್ತೆ. ದಾರಕ್ಕೆ ಭಾರ ಕಟ್ಟಿ, ಭಾರಕ್ಕೆ ಬಿಳಿ ಬಟ್ಟೆ ಸುತ್ತಿ ಇಳಿಸಿ. ಬಟ್ಟೆ ಆ ಗಡಿಗೆ ಬಂದಾಗ ದಾರಕ್ಕೆ ಗಂಟು ಹಾಕಿ ಅಳೆಯಿರಿ. ನೆಲದ ಮೇಲೆ ಕಾಣುವ ಒಂದೆರಡು ಅಡಿ ಪೈಪೂ ಲೆಕ್ಕಕ್ಕೆ ಸೇರುತ್ತೆ, ಅದನ್ನು ಬಿಡಬೇಡಿ. ನೀರು ಕೇಸಿಂಗ್‌ನ ಕೆಳತುದಿಗಿಂತ ಮೇಲಕ್ಕೆ ಏರಿ ನಿಂತಿದ್ದರೆ ಈ ಉಪಾಯ ನಡೆಯಲ್ಲ. ಆಗ ಬೋರ್ ಒಳಗೆ ಕ್ಯಾಮೆರಾ ಬಿಟ್ಟು ತೋರಿಸುವವರನ್ನು ಕರೆಸಬೇಕು. ಅದಕ್ಕೆ ಬೇರೆ ಖರ್ಚು. ಪೈಪ್ 20 ಅಡಿದಾದರೆ ಒಂದು ಪೈಪ್ ವ್ಯತ್ಯಾಸಕ್ಕೆ 8,400 ರೂಪಾಯಿ. ಕ್ಯಾಮೆರಾ ಖರ್ಚಿಗೆ ಹೋಲಿಸಿ ನೀವೇ ತೀರ್ಮಾನ ಮಾಡಿ.

ಒಂದು ಮಾತು. ಕೇಸಿಂಗ್ ಜಾಸ್ತಿ ಹಾಕಿದರೆ ದುಡ್ಡು ಹೋಗುತ್ತೆ, ಕಡಿಮೆ ಹಾಕಿದರೆ ಬೋರೇ ಹೋಗಬಹುದು. ಮೆತ್ತನೆ ಭಾಗ ಕುಸಿದು ಮೋಟರ್ ಮೇಲೆ ಕೂತರೆ ಅದನ್ನು ಮೇಲೆ ಎತ್ತೋದೇ ಕಷ್ಟ. ಹಾಗಾಗಿ ಅಳತೆಯಲ್ಲಿ 140 ಸರಿಯಾಗಿ ಬಂದರೆ ಅಲ್ಲಿ ಚೌಕಾಸಿ ಮಾಡಲು ಹೋಗಬೇಡಿ.

ಗಾಡಿ ಚಾರ್ಜ್ ಬಗ್ಗೆ ಹೆಚ್ಚು ಹೇಳೋದಿಲ್ಲ. ಬರುವುದು ಸಾಮಾನ್ಯವಾಗಿ ಎರಡು ಗಾಡಿ, ಒಂದು ರಿಗ್, ಇನ್ನೊಂದು ಕಂಪ್ರೆಸರ್, ರಾಡ್, ಡೀಸೆಲ್ ಹೊತ್ತ ಲಾರಿ. ಕೆಲವರು ದೂರ ನೋಡಿ ಹಾಕುತ್ತಾರೆ, ಕೆಲವರು ಇಡಿಯಾಗಿ ಒಂದು ಮೊತ್ತ ಹೇಳುತ್ತಾರೆ, ಇನ್ನು ಕೆಲವರು 300 ಅಡಿ ದಾಟಿದರೆ ಕೇಳೋದೇ ಇಲ್ಲ. ಮೊದಲೇ ಹೇಳಿದ್ದರೆ 6,000 ಕೊಡಿ. ಹೇಳಿರಲಿಲ್ಲ ಅಂದರೆ ಮಾತಾಡಿ. ಅದೇ ದಿನ ನಿಮ್ಮ ಊರಲ್ಲೇ ಇನ್ನೊಬ್ಬರಿಗೂ ಬೋರ್ ಕೊರೆದಿದ್ದರೆ ಅವರ ಬಿಲ್ ಕೇಳಿ ನೋಡಿ. ಗಾಡಿ ಊರಿಗೆ ಬಂದದ್ದು ಒಂದೇ ಸಲ, ಚಾರ್ಜ್ ಮಾತ್ರ ಇಬ್ಬರ ಹತ್ತಿರವೂ ಪೂರ್ತಿ ತಗೊಂಡಿರೋದುಂಟು. ನಮ್ಮ ಗಾಡಿಯಲ್ಲೂ ಅದು ನಡೆದಿದೆ, ಸುಳ್ಳು ಹೇಳಲ್ಲ.

ಅಳತೆ ಎಲ್ಲಾ ಸರಿ ಬಂದರೆ ನೀವು ಕೊಡಬೇಕಾದದ್ದು 69,300, 58,800, 6,000 ಸೇರಿ 1,34,100. ಅರ್ಧ ಅಂದರೆ 78,800 ಕೊಟ್ಟಿದ್ದೀರಿ ಅಂದುಕೊಂಡರೆ ಬಾಕಿ 55,300. ಈ ಅಂಕಿಗಳನ್ನು ಒಂದು ಹಾಳೆಯಲ್ಲಿ ಬರೆದು, ರೇಟ್ ಚೀಟಿಯ ಜೊತೆ ಏಜೆಂಟ್ ಮುಂದೆ ಇಡಿ. ಆದರೆ ಅದಕ್ಕೂ ಮೊದಲು ಕನ್ನಡಿ, ಹಗ್ಗದ ಕೆಲಸ ಮುಗಿಸಿ. ಮೋಟರ್ ಇಳಿದ ಮೇಲೆ ಪೈಪು, ಕೇಬಲ್ ಎಲ್ಲಾ ಅಡ್ಡ ಬಂದು ಒಳಗೆ ಏನೂ ಕಾಣಲ್ಲ. ಅಲ್ಲಿಯವರೆಗೆ ಬೋರ್ ಬಾಯಿಗೆ ಮುಚ್ಚಳ ಬಿಗಿಯಾಗಿ ಹಾಕಿಡಿ, ಹೊಲದಲ್ಲಿ ಮಕ್ಕಳು ಓಡಾಡುತ್ತಿರುತ್ತವೆ.