ಜಿಮ್ ಸದಸ್ಯರಿಗೆ ಏನು ಕೇಳಿದರೆ ನಿಜ ಕಾರಣ ಗೊತ್ತಾಗುತ್ತೆ?

ಪ್ರಶ್ನೆ: ಬಳ್ಳಾರಿಯಲ್ಲಿ ನಮ್ಮ ಏರಿಯಾದಲ್ಲೇ ಚಿಕ್ಕ ಜಿಮ್ ಇದೆ. ಜನ ನಮ್ಮಲ್ಲಿಗೇ ಯಾಕೆ ಬರ್ತಾರೆ ಅಂತ ತಿಳಿಯೋಕೆ ಏನು ಕೇಳಬೇಕು? ಬೋರ್ಡ್‌ನಲ್ಲಿ ಏನು ಬರೆಸಬೇಕು?

ಉತ್ತರ: "ನಮ್ಮನ್ನೇ ಯಾಕೆ ಆರಿಸಿದಿರಿ?" ಅಂತ ನೇರವಾಗಿ ಕೇಳಬೇಡಿ. "ಮನೆ ಹತ್ತಿರ, ಫೀಸ್ ಕಮ್ಮಿ" ಅಂದು ಸುಮ್ನಾಗ್ತಾರೆ. ಅದು ಸುಳ್ಳಲ್ಲ, ಆದರೆ ಪಕ್ಕದ ಬೀದಿಯ ಜಿಮ್‌ಗೂ ಅದೇ ಉತ್ತರ ಸಿಗುತ್ತೆ.

ಸೇರಿ ಒಂದು ತಿಂಗಳೊಳಗಿನವರನ್ನೇ ಕೇಳಿ. ಆಮೇಲೆ ನೆನಪು ಮಾಸುತ್ತೆ. "ಜಿಮ್ ಸೇರಲೇಬೇಕು ಅಂತ ಅನಿಸಿದ ದಿನ ಏನಾಗಿತ್ತು?" ಅನ್ನಿ. ಆಮೇಲೆ, "ಸೇರೋ ಮುಂಚೆ ಯಾವುದಕ್ಕೆ ಹಿಂಜರಿದಿರಿ?" ಆಯ್ಕೆ ಕೊಟ್ಟು ಟಿಕ್ ಹಾಕಿಸಬೇಡಿ, ಮಾತಾಡಲು ಬಿಡಿ.

ಒಬ್ಬರು ಹೀಗಂದರು ಅಂತಿಟ್ಟುಕೊಳ್ಳಿ: "ಶುಗರ್ ಬಾರ್ಡರ್‌ನಲ್ಲಿದೆ ಅಂದ್ರು ಡಾಕ್ಟರ್. ಬಿಸಿಲಿಗೆ ವಾಕಿಂಗ್ ಆಗಲ್ಲ. ಆದ್ರೆ ಹುಡುಗರ ಮಧ್ಯೆ ಹೊಟ್ಟೆ ಬಿಟ್ಕೊಂಡು ನಿಲ್ಲೋಕೆ ನಾಚಿಕೆ." ಇಂಥ ಮಾತು ನಾಲ್ಕೈದು ಜನರಿಂದ ಬಂದರೆ, ಸಿಕ್ಸ್ ಪ್ಯಾಕ್ ಫೋಟೋ ತೆಗೆದು, "ಬಿಸಿಲಿಗೆ ವಾಕಿಂಗ್ ಆಗ್ತಿಲ್ವಾ? 40 ದಾಟಿದವರಿಗೆ ಬೆಳಗ್ಗೆ ಬೇರೆ ಬ್ಯಾಚ್" ಅಂತ ಬರೆಸಿ. ಅವರ ಮಾತನ್ನೇ ಬಳಸಿ. ಬ್ಯಾಚ್ ಮಾತ್ರ ನಿಜವಾಗಿ ಇರಬೇಕು, ಅಲ್ವಾ!

ವಿಚಾರಿಸಿ ಹೋಗಿ ಸೇರದವರಿಗೂ ಒಂದು ಫೋನ್ ಮಾಡಿ. ಅವರನ್ನು ತಡೆದದ್ದೇನು ಅನ್ನೋದು ಸದಸ್ಯರಿಗೆ ಗೊತ್ತಿರಲ್ಲ.